‘ಈ ಸಲವಾದರೂ’: ಲಿಫ್ಟ್ ಪಕ್ಕದ ಒಂದು ನೋಟಿಸನ್ನು ಗಟ್ಟಿಯಾಗಿ ಓದಿ ತಿದ್ದಿದ ಪ್ರಕರಣ

2024ರ ಮಾರ್ಚ್ ಕೊನೆಯ ವಾರ. ಸಂಜೆ ಕಾಫಿ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದರು. “ಅಂಕಲ್, ಕಾಗುಣಿತ ಒಂದು ನೋಡಿಬಿಡಿ. ನಾಳೆ ಬೆಳಿಗ್ಗೆ ಲಿಫ್ಟ್ ಹತ್ತಿರ ಅಂಟಿಸಬೇಕು” ಅಂದರು. ನಾನು ಇಪ್ಪತ್ತೆರಡು ವರ್ಷ ಪ್ರೂಫ್ ರೀಡರ್ ಆಗಿದ್ದವನು ಅನ್ನುವುದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಗೃಹಪ್ರವೇಶದ ಕರೆಯೋಲೆಯಿಂದ ಮಕ್ಕಳ ಶಾಲೆಗೆ ಬರೆಯುವ ರಜಾ ಅರ್ಜಿಯವರೆಗೆ ಎಲ್ಲವೂ ಒಂದು ಸಲ ನಮ್ಮ ಟೀಪಾಯಿ ಮೇಲೆ ಬಂದೇ ಹೋಗುತ್ತವೆ. ಹಾಳೆಯಲ್ಲಿ ಕಾಗುಣಿತದ ತಪ್ಪು ಎರಡೇ ಇದ್ದವು, ತಿದ್ದಿದೆ. ಆದರೆ ಕೊನೆಯ ಸಾಲಿಗೆ ಬರುವ ಹೊತ್ತಿಗೆ, ಇದು ಹೀಗೇ ಗೋಡೆಗೆ ಅಂಟಿದರೆ ಸಂಜೆಯೊಳಗೆ ಜಗಳ ಗ್ಯಾರಂಟಿ ಅನ್ನಿಸಿತು.

ಹಿನ್ನೆಲೆ ಇಷ್ಟು. ನಮ್ಮದು 36 ಮನೆಗಳ ಕಟ್ಟಡ, ಬೆಂಗಳೂರಿನ ಪೂರ್ವ ಭಾಗದಲ್ಲಿದೆ. ಆ ಬೇಸಿಗೆಯಲ್ಲಿ ನಗರದ ಅರ್ಧಕ್ಕರ್ಧ ಬೋರ್‌ವೆಲ್‌ಗಳ ಹಾಗೆ ನಮ್ಮದೂ ಕೈಕೊಟ್ಟಿತ್ತು. ದಿನಕ್ಕೆ ಎರಡು ಗಂಟೆ ನೀರೆತ್ತಿದರೆ ಹೆಚ್ಚು. ಉಳಿದದ್ದಕ್ಕೆ ಟ್ಯಾಂಕರ್. ಅದೇ ತಿಂಗಳು ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದು, ಕೈತೋಟಕ್ಕೆ ಹಾಕುವುದು, ಕಟ್ಟಡದ ಕೆಲಸಕ್ಕೆ ಬಳಸುವುದು ಇವನ್ನೆಲ್ಲ ನಿಷೇಧಿಸಿ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ನಮ್ಮ ಕಾರ್ಯದರ್ಶಿ ಆಫೀಸಿಗೆ ಹೋಗುವ ಹೆಂಗಸು. ಬೆಳಿಗ್ಗೆ ಐದೂವರೆಗೆ ಎದ್ದು ಸಂಪಿನ ಮುಚ್ಚಳ ತೆಗೆದು ನೋಡುವುದು, ಟ್ಯಾಂಕರ್‌ನವನಿಗೆ ಫೋನ್ ಮಾಡುವುದು, ಬಾಕಿ ಕೇಳುವುದು ಎಲ್ಲವೂ ಅವರ ತಲೆಯ ಮೇಲೆ. ಹಾಳೆ ಬರೆದದ್ದು ಅಂಥದೊಂದು ದಿನದ ಕೊನೆಯಲ್ಲಿ. ಅದು ಹೀಗಿತ್ತು:

“ಎಲ್ಲಾ ನಿವಾಸಿಗಳ ಗಮನಕ್ಕೆ. ಈಗಾಗಲೇ ಹಲವಾರು ಬಾರಿ ತಿಳಿಸಿದ್ದರೂ ಸಹ ಕೆಲವು ನಿವಾಸಿಗಳು ಕುಡಿಯುವ ನೀರಿನಿಂದ ಕಾರು ತೊಳೆಯುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಜಲಮಂಡಳಿಯ ಆದೇಶದ ಪ್ರಕಾರ ಇದು ದಂಡನಾರ್ಹ ಎಂಬುದು ವಿದ್ಯಾವಂತರಾದ ತಮಗೆ ತಿಳಿದೇ ಇದೆ ಎಂದು ಭಾವಿಸುತ್ತೇವೆ. ಟ್ಯಾಂಕರ್ ವೆಚ್ಚದ ಬಾಬ್ತು ಪ್ರತಿ ಮನೆಯವರು ರೂ. 900 ಅನ್ನು 10ನೇ ತಾರೀಖಿನೊಳಗೆ ತಪ್ಪದೇ ಪಾವತಿಸತಕ್ಕದ್ದು. ಕಳೆದ ತಿಂಗಳ ಬಾಕಿ ಉಳಿಸಿಕೊಂಡಿರುವವರು ಈ ಸಲವಾದರೂ ಸಮಯಕ್ಕೆ ಸರಿಯಾಗಿ ಕೊಟ್ಟರೆ ಉಪಕಾರವಾಗುತ್ತದೆ. ನೀರನ್ನು ಬೆಳಿಗ್ಗೆ 6ರಿಂದ 8 ಹಾಗೂ ಸಂಜೆ 6ರಿಂದ 7.30ರವರೆಗೆ ಮಾತ್ರ ಬಿಡಲಾಗುವುದು. ಈ ಬಗ್ಗೆ ಯಾವುದೇ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ. ಪದಾಧಿಕಾರಿಗಳು ಕೂಡ ತಮ್ಮ ಹಾಗೆಯೇ ಕೆಲಸಕ್ಕೆ ಹೋಗುವವರು ಎಂಬುದನ್ನು ದಯವಿಟ್ಟು ಅರ್ಥಮಾಡಿಕೊಳ್ಳಿ. ತಮ್ಮ ಸಹಕಾರಕ್ಕೆ ಮುಂಚಿತವಾಗಿ ಧನ್ಯವಾದಗಳು.”

“ಸ್ವಲ್ಪ ಗಡುಸಾಯಿತೇನೋ ಅಮ್ಮಾ” ಅಂದೆ. ಅವರಿಗೆ ಆಶ್ಚರ್ಯ. “ಎಲ್ಲಿ ಅಂಕಲ್? ದಯವಿಟ್ಟು ಅಂದಿದ್ದೀನಿ, ಧನ್ಯವಾದ ಅಂದಿದ್ದೀನಿ, ತಾವು ಅಂತಲೇ ಬರೆದಿದ್ದೀನಿ.” ಹಾಳೆ ತೆಗೆದುಕೊಂಡು ತಾವೇ ಓದಿ ತೋರಿಸಿದರು. ಅವರ ಬಾಯಲ್ಲಿ ಅದು ನಿಜಕ್ಕೂ ಮೆತ್ತಗೆ ಕೇಳಿಸಿತು. ‘ಈ ಸಲವಾದರೂ’ ಅನ್ನುವಲ್ಲಿ ಸಣ್ಣಗೆ ನಕ್ಕರು, ‘ದಯವಿಟ್ಟು’ ಅನ್ನುವಲ್ಲಿ ದನಿ ಸೋತಂತಾಯಿತು. ಕೇಳುತ್ತಿದ್ದ ನನಗೂ, ಪಾಪ, ಎಷ್ಟು ಒದ್ದಾಡುತ್ತಿದ್ದಾರೆ ಅನ್ನಿಸಿತು.

ಗಟ್ಟಿಯಾಗಿ ಓದಿ ತಿದ್ದುವುದು ಅಂದಾಗ ಹೆಚ್ಚಿನವರು ಮಾಡುವುದು ಇದನ್ನೇ, ಕೆಡುವುದೂ ಇಲ್ಲೇ. ಬರೆದವರು ಓದಿದರೆ ಹಾಳೆಯಲ್ಲಿ ಇಲ್ಲದ ನಗು, ಆಯಾಸ, ಸಲಿಗೆ ಎಲ್ಲ ಅವರ ಗಂಟಲಿನಿಂದ ಬಂದು ಸೇರಿಕೊಳ್ಳುತ್ತವೆ. ಲಿಫ್ಟ್ ಮುಂದೆ ನಿಂತು ಓದುವವನಿಗೆ ಆ ಗಂಟಲು ಸಿಗುವುದಿಲ್ಲ, ಅಕ್ಷರ ಮಾತ್ರ ಸಿಗುತ್ತದೆ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೆಲವು ಮಾತನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಇಮೇಲ್‌ನಲ್ಲಿ ಬರೆದು ಕಳಿಸಿದವರನ್ನು ಕೇಳಿದಾಗ, ನೂರಕ್ಕೆ 78 ಸಲ ಓದುವವರಿಗೆ ನಮ್ಮ ಧಾಟಿ ತಿಳಿಯುತ್ತದೆ ಅಂದಿದ್ದರು. ತಿಳಿದದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಸರಿಯಾಗುತ್ತಿತ್ತು. ಬರೆದವರ ಕಿವಿಯಲ್ಲಿ ಅವರದೇ ದನಿ ಮೊಳಗುತ್ತಿರುತ್ತದೆ, ಅದು ಹಾಳೆಯಲ್ಲೂ ಇದೆ ಅಂದುಕೊಳ್ಳುತ್ತಾರೆ.

ನಮ್ಮ ಪ್ರೆಸ್ಸಿನಲ್ಲಿ ಕೂಡ ಗಟ್ಟಿಯಾಗಿ ಓದುವ ಪದ್ಧತಿ ಇತ್ತು. ಒಬ್ಬ ಹಸ್ತಪ್ರತಿ ಹಿಡಿದು ಓದುತ್ತಿದ್ದ, ಇನ್ನೊಬ್ಬ ಕರಡಿನ ಮೇಲೆ ಕಣ್ಣಾಡಿಸುತ್ತಿದ್ದ. ಅಲ್ಪವಿರಾಮ, ಪೂರ್ಣವಿರಾಮವನ್ನೂ ಬಾಯಿಬಿಟ್ಟು ಹೇಳುತ್ತಿದ್ದೆವು. ಆ ಓದಿನಲ್ಲಿ ಭಾವ ಅನ್ನುವುದೇ ಇರುತ್ತಿರಲಿಲ್ಲ. ಪಂಚಾಂಗ ಓದಿದ ಹಾಗೆ. ಅಕ್ಷರ ಬಿಟ್ಟುಹೋಗಿದ್ದು ಅದರಲ್ಲಿ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಧಾಟಿ ಹಿಡಿಯಲು ಬೇರೆ ಬಗೆಯ ಓದುಗ ಬೇಕು: ಹಾಳೆಯ ಹಿಂದಿನ ಕತೆ ಗೊತ್ತಿಲ್ಲದವನು, ಮೊದಲೇ ಕಣ್ಣಾಡಿಸದೆ ಒಮ್ಮೆಗೇ ಓದುವವನು.

ಸೊಸೆ ಊರಿಂದ ಬಂದು ಎರಡು ದಿನವಾಗಿತ್ತು. ಅವಳಿಗೆ ನಮ್ಮ ಟ್ಯಾಂಕರ್ ರಾಮಾಯಣ ಏನೂ ಗೊತ್ತಿಲ್ಲ. ಕರೆದು ಹಾಳೆ ಕೊಟ್ಟೆ. ಧಾರವಾಡದ ಹುಡುಗಿ, “ಹೆಂಗ ಓದ್ಲಿ ಮಾವಾರ?” ಅಂದಳು. “ವಾರ್ತೆ ಓದಿದ ಹಾಗೆ ಓದಮ್ಮಾ. ನಟನೆ ಬೇಡ, ನಡುವೆ ನಿಲ್ಲಿಸಲೂ ಬೇಡ” ಅಂದೆ. ಕಾರ್ಯದರ್ಶಿಯ ಕೈಗೆ ಇನ್ನೊಂದು ಪ್ರತಿ, ಒಂದು ಪೆನ್ಸಿಲ್. ಅವರಿಗೆ ಎರಡೇ ಕೆಲಸ. ಓದುವವಳ ದನಿ ಎಲ್ಲಿ ಒತ್ತಿ ಬೀಳುತ್ತದೋ ಅಲ್ಲಿ ಗೆರೆ ಎಳೆಯುವುದು. ಒಂದು ವಾಕ್ಯ ಮುಗಿದ ಕೂಡಲೇ, ಬಾಗಿಲಲ್ಲಿ ನಿಂತ ನೆರೆಯವನು ಅದಕ್ಕೆ ಏನು ತಿರುಗಿ ಅನ್ನುತ್ತಾನೋ ಅದನ್ನು ಅಂಚಿನಲ್ಲಿ ಬರೆಯುವುದು. ಯೋಚನೆ ಮಾಡಬಾರದು, ಮೊದಲು ಬಂದ ಮಾತೇ ಆಗಬೇಕು.

ಈ ಎರಡನೆಯದು ನನ್ನ ಅನುಭವದಲ್ಲಿ ಮೊದಲನೆಯದಕ್ಕಿಂತ ಚುರುಕು. ಪದ ಒರಟಾಗಿದೆಯೋ ಇಲ್ಲವೋ ಅಂತ ಚರ್ಚೆಗೆ ಕೂತರೆ ರಾತ್ರಿ ಕಳೆಯುತ್ತದೆ. ಅದಕ್ಕೆ ಉತ್ತರವಾಗಿ ಏನು ಬರುತ್ತದೆ ಅಂತ ನೋಡಿದರೆ ಅರ್ಧ ನಿಮಿಷ ಸಾಕು. ‘ಸರಿ, ಆಯ್ತು’ ಅಂತಲೋ ‘ಯಾವಾಗ?’ ಅಂತಲೋ ಬಂದರೆ ವಾಕ್ಯ ಕೆಲಸ ಮಾಡಿತು. ‘ನಾನೇನು ಕಳ್ಳನಾ?’ ಅಂತ ಬಂದರೆ, ವಾಕ್ಯದಲ್ಲಿ ದಯವಿಟ್ಟು ಇರಲಿ, ಕೃಪಯಾ ಇರಲಿ, ಕೆಟ್ಟಿತು.

ಓದು ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಕಾರ್ಯದರ್ಶಿ ತಮ್ಮ ಪೆನ್ಸಿಲ್ ಗೆರೆಗಳನ್ನೇ ನೋಡುತ್ತ ಕೂತರು. ನಾನು ಎಣಿಸಿದ್ದು ದೊಡ್ಡ ಪದಗಳ ಕೆಳಗೆ ಗೆರೆ ಬೀಳುತ್ತದೆ ಅಂತ, ‘ದಂಡನಾರ್ಹ’ದಂಥವು. ಬಿದ್ದದ್ದು ಬಾಲಗಳ ಕೆಳಗೆ. ತಿಳಿಸಿದ್ದ*ರೂ ಸಹ*. ತಿಳಿ*ದೇ* ಇದೆ. ತಪ್ಪ*ದೇ*. ಈ ಸಲ*ವಾದರೂ*. ಹಾಗೆ*ಯೇ*. ಕನ್ನಡದಲ್ಲಿ ಸಿಟ್ಟು ಅಡಗಿ ಕೂರುವ ಜಾಗ ಇದು. ಬೈಗುಳ ಬರೆಯಬಾರದು ಅಂತ ನಮಗೆ ಗೊತ್ತು, ಹಾಗಾಗಿ ಪದ ಸಭ್ಯವಾಗಿಯೇ ಇರುತ್ತದೆ. ಒಳಗಿನ ಕಹಿ ‘ಏ’, ‘ಊ’, ‘ಆದರೂ’, ‘ಅಂತೂ’ ಇವುಗಳ ಬೆನ್ನೇರಿ ಹೊರಗೆ ಬರುತ್ತದೆ. ಕಣ್ಣಿಗೆ ಅದೊಂದು ಏತ್ವ, ಅಷ್ಟೇ, ಸುಮ್ಮನೆ ಜಾರಿಹೋಗುತ್ತದೆ. ಬಾಯಿ ಮಾತ್ರ ಅಲ್ಲಿ ಒತ್ತು ಹಾಕದೆ ಮುಂದೆ ಹೋಗುವುದಿಲ್ಲ, ಯಾಕೆಂದರೆ ಆ ಪ್ರತ್ಯಯ ಇರುವುದೇ ಒತ್ತಿ ಹೇಳಲು. ಮನಸ್ಸಿನಲ್ಲಿ ಓದಿದಾಗ ಸಿಗದ್ದು ಗಟ್ಟಿಯಾಗಿ ಓದಿದಾಗ ಸಿಗುವುದು ಇದಕ್ಕೇ.

‘ಈ ಸಲವಾದರೂ’ ನೋಡಿ. ‘ಈ ಸಲ ಸಮಯಕ್ಕೆ ಕೊಡಿ’ ಅಂದರೆ ಅದು ಈ ಸಲದ ಮಾತು. ‘ಆದರೂ’ ಸೇರಿದ ಕೂಡಲೇ ಹಿಂದಿನ ಸಲಗಳೆಲ್ಲ ಒಳಗೆ ಬಂದವು: ಹೋದ ತಿಂಗಳು ಕೊಡಲಿಲ್ಲ, ಅದರ ಹಿಂದಿನ ತಿಂಗಳೂ ಕೊಡಲಿಲ್ಲ, ನಿಮ್ಮ ಬುದ್ಧಿಯೇ ಅಷ್ಟು. ಅದರ ಮೇಲೆ ‘ಉಪಕಾರವಾಗುತ್ತದೆ’ ಅಂತ ಬೇರೆ. ಕೊಡಬೇಕಾದ ಹಣ ಕೊಡುವುದು ಉಪಕಾರವಲ್ಲ, ಇಬ್ಬರಿಗೂ ಅದು ಗೊತ್ತು. ಹಾಗಾಗಿ ಆ ಪದಕ್ಕೆ ಉಳಿಯುವುದು ಚುಚ್ಚುವ ಅರ್ಥವೊಂದೇ. ಅಂಚಿನಲ್ಲಿ ಕಾರ್ಯದರ್ಶಿ ಬರೆದಿದ್ದ ಉತ್ತರ: “ನಾವು ಯಾವತ್ತು ತಪ್ಪಿಸಿದ್ದೀವಿ ರೀ?”

“ಎಷ್ಟು ಮನೆಯವರು ಬಾಕಿ?” ಅಂತ ಕೇಳಿದೆ. ಐದು. ಅಂದರೆ ಐದು ಮನೆಗೆ ಹೇಳಬೇಕಾದ ಚುಚ್ಚುಮಾತನ್ನು ಮೂವತ್ತೊಂದು ಮನೆಯವರೂ ಓದಬೇಕಿತ್ತು. ಕಾರು ತೊಳೆಯುವ ‘ಕೆಲವು ನಿವಾಸಿಗಳು’ ಯಾರು ಅಂತ ಕೇಳಿದರೆ, ಎರಡನೇ ಮಹಡಿಯವರ ಡ್ರೈವರ್, ಒಬ್ಬನೇ. ಅವನಿಗೆ ನೋಟಿಸ್ ಓದಲು ಬರುವುದೂ ಅನುಮಾನ. ‘ಕೆಲವರು’ ಅನ್ನುವ ಪದ ಬಹಳ ಮರ್ಯಾದೆಯ ಪದ ಅಂತ ನಾವು ತಿಳಿದಿರುತ್ತೇವೆ, ಹೆಸರು ಹೇಳಲಿಲ್ಲವಲ್ಲ ಅಂತ. ಸಣ್ಣ ಕಟ್ಟಡದಲ್ಲಿ ಅದು ನಡೆಯದು. ಯಾರು ಅಂತ ಗೊತ್ತಿದ್ದವರು ಅವರ ಮುಖ ನೋಡುತ್ತಾರೆ, ಗೊತ್ತಿಲ್ಲದವರು ತನಗೇ ಅಂದದ್ದು ಅಂದುಕೊಳ್ಳುತ್ತಾರೆ.

ಎರಡನೇ ವಾಕ್ಯ, ‘ವಿದ್ಯಾವಂತರಾದ ತಮಗೆ ತಿಳಿದೇ ಇದೆ ಎಂದು ಭಾವಿಸುತ್ತೇವೆ’. ಸೊಸೆ ಇದನ್ನು ಓದುವಾಗ ಅವಳಿಗೆ ಅರಿವಿಲ್ಲದೆಯೇ ಹುಬ್ಬು ಮೇಲೆ ಹೋಯಿತು. ಇಡೀ ಹಾಳೆಯಲ್ಲಿ ಇದರಷ್ಟು ಕಹಿಯಾದ ಸಾಲು ಇನ್ನೊಂದಿಲ್ಲ, ಆದರೂ ಬಿಡಿ ಬಿಡಿಯಾಗಿ ತೆಗೆದರೆ ಒಂದೂ ಕೆಟ್ಟ ಪದವಿಲ್ಲ. ಹೊಗಳಿಕೆ ಹಾಕಿ ಕಪಾಳಕ್ಕೆ ಬಾರಿಸಿದ ಹಾಗೆ. ಕಾರ್ಯದರ್ಶಿ ತಾವಾಗಿಯೇ ಅದನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದರು, ನಾನು ಏನೂ ಹೇಳಬೇಕಾಗಲಿಲ್ಲ.

ಇನ್ನು ‘ಪಾವತಿಸತಕ್ಕದ್ದು’, ‘ಬಿಡಲಾಗುವುದು’, ‘ಸ್ವೀಕರಿಸಲಾಗುವುದಿಲ್ಲ’, ‘ಬಂದಿರುತ್ತದೆ’. ಇವು ಎಲ್ಲಿಂದ ಬಂದವು ಅಂತ ಹುಡುಕಬೇಕಾಗಿರಲಿಲ್ಲ. ಜಲಮಂಡಳಿಯ ಆದೇಶವನ್ನು ಎದುರಿಗಿಟ್ಟುಕೊಂಡು ಬರೆದಿದ್ದರು. ಆದೇಶ ಹೊರಡಿಸುವ ಕಚೇರಿಗೆ ‘ತಕ್ಕದ್ದು’ ಸರಿಯೇ. ಅಲ್ಲಿ ಮಾತಾಡುತ್ತಿರುವುದು ಕಾನೂನು, ಮನುಷ್ಯರಲ್ಲ. ಅದೇ ಪದ ನಾಲ್ಕನೇ ಮಹಡಿಯ ಹೆಂಗಸಿನಿಂದ ಮೂರನೇ ಮಹಡಿಯ ಗಂಡಸಿಗೆ ಬಂದಾಗ, ಇವರು ಯಾವಾಗ ತಹಶೀಲ್ದಾರರಾದರು ಅನ್ನಿಸುತ್ತದೆ. ಸೊಸೆಯ ಓದಿನಲ್ಲಿ ಈ ಪದಗಳ ಕಡೆ ದನಿ ಏರಲಿಲ್ಲ, ಬದಲಿಗೆ ಚಪ್ಪಟೆಯಾಯಿತು. ಕಾರ್ಯದರ್ಶಿ ಅಲ್ಲಿ ಗೆರೆ ಎಳೆದಿರಲೇ ಇಲ್ಲ. ಹೀಗಾಗುತ್ತದೆ: ಒತ್ತಿ ಹೇಳುವ ಪದ ಕಿವಿಗೆ ತಕ್ಷಣ ಸಿಗುತ್ತದೆ, ತಣ್ಣಗಿನ ಪದ ಸಿಗುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕು. ನಾನು ಮಾಡುವುದು ಇಷ್ಟೇ, ಆ ವಾಕ್ಯವನ್ನು ಮೆಟ್ಟಿಲಲ್ಲಿ ಎದುರಾದ ಒಬ್ಬರಿಗೆ ಮುಖ ನೋಡಿ ಹೇಳಿ ಅನ್ನುವುದು. “ನನಗೇ ಹೇಳಿ ನೋಡೋಣ” ಅಂದೆ. ಅವರು ನನ್ನ ಕಡೆ ತಿರುಗಿ, “ಅಂಕಲ್, ತಮ್ಮ ದೂರನ್ನು ಸ್ವೀಕರಿಸಲಾಗುವುದಿಲ್ಲ” ಅನ್ನುವಷ್ಟರಲ್ಲಿ ನಗು ತಡೆಯಲಾಗಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಗೋಡೆಗೆ ಅಂಟಿಸಬಹುದು ಅಂತ ನಮಗೆ ಯಾಕೆ ಅನ್ನಿಸುತ್ತದೋ.

‘ದಯವಿಟ್ಟು’ವಿನ ಬಗ್ಗೆ ಒಂದು ಮಾತು. ಬರೆಯುವಾಗ ಇದನ್ನು ಸಾರಿಗೆ ಉಪ್ಪಿನ ಹಾಗೆ ಹಾಕುತ್ತೇವೆ, ಮಾತಿನಲ್ಲಿ ಎಷ್ಟು ಸಲ ಹೇಳುತ್ತೇವೆ? ಪಕ್ಕದ ಮನೆಯವರನ್ನು ಏನಾದರೂ ಕೇಳುವಾಗ ನಮ್ಮ ಬಾಯಿಗೆ ಬರುವುದು ‘ಸ್ವಲ್ಪ’. ‘ಸ್ವಲ್ಪ ಗೇಟು ಹಾಕಿಬಿಡಿ’, ‘ಸ್ವಲ್ಪ ಇದನ್ನ ಹಿಡ್ಕೊಳ್ತೀರಾ?’ ಕನ್ನಡದ ಮೃದುತ್ವ ಇರುವುದು ಆ ಸ್ವಲ್ಪದಲ್ಲಿ, ಪ್ರಶ್ನೆಯ ‘ಆ’ದಲ್ಲಿ, ‘ಮಾಡಿಕೊಡಿ’ಯ ‘ಕೊಡಿ’ಯಲ್ಲಿ. ಆಡುಮಾತಿನಲ್ಲಿ ದಯವಿಟ್ಟು ಬರುವುದು ತಾಳ್ಮೆ ಮುಗಿದಾಗ: ‘ದಯವಿಟ್ಟು ಸುಮ್ಮನಿರ್ತೀಯಾ?’ ಆದ್ದರಿಂದಲೇ ‘ಎಂಬುದನ್ನು ದಯವಿಟ್ಟು ಅರ್ಥಮಾಡಿಕೊಳ್ಳಿ’ ಅನ್ನುವುದನ್ನು ಸೊಸೆ ಓದಿದಾಗ ಅದು ಬೇಡಿಕೆಯ ಹಾಗೆ ಕೇಳಲಿಲ್ಲ. ನಿಮಗೆ ಇಷ್ಟೂ ಅರ್ಥವಾಗುವುದಿಲ್ಲವೇ ಅಂದ ಹಾಗೆ ಕೇಳಿತು. ಕಾರ್ಯದರ್ಶಿ ಇದನ್ನು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು, ಆ ವಾಕ್ಯದಲ್ಲಿ ಅವರ ನಿಜವಾದ ದಣಿವು ಇತ್ತು.

ರಾತ್ರಿ ಊಟ ಮುಗಿಸಿ ಅವರು ಎರಡನೇ ಕರಡು ತಂದರು. ಈಗ ಲೋಲಕ ಇನ್ನೊಂದು ಕಡೆಗೆ ಹೋಗಿತ್ತು. “ಎಲ್ಲ ಆತ್ಮೀಯ ನಿವಾಸಿ ಬಂಧುಗಳಲ್ಲಿ ಸವಿನಯ ವಿನಂತಿ… ತಮಗೆ ಅನುಕೂಲವಾದಾಗ… ಸಾಧ್ಯವಾದರೆ… ತೊಂದರೆಯಾಗದಿದ್ದಲ್ಲಿ…” ಸೊಸೆ ಮತ್ತೆ ಓದಿದಳು. ಓದಿ ಮುಗಿದ ಮೇಲೆ ಅವಳನ್ನೇ ಕೇಳಿದೆ, “ಈಗ ನೀನು ಏನು ಮಾಡಬೇಕು, ಯಾವಾಗ ಮಾಡಬೇಕು?” ಅವಳು ಒಂದು ಕ್ಷಣ ಯೋಚಿಸಿ, “ರೊಕ್ಕ ಏನೋ ಕೊಡಬೇಕಂತ. ಯಾವಾಗ ಅಂತ ಹೇಳಿಲ್ಲಲ್ರಿ” ಅಂದಳು. ಹತ್ತನೇ ತಾರೀಕು ಹಾಳೆಯಲ್ಲಿತ್ತು, ಆದರೆ ಸಕ್ಕರೆಯಲ್ಲಿ ಮುಳುಗಿಹೋಗಿತ್ತು. ಒರಟು ತೆಗೆಯಲು ಹೊರಟವರು ಹೀಗೆ ಹೇಳಬೇಕಾದ್ದನ್ನೇ ತೆಗೆದುಬಿಡುವುದು ಬಹಳ ಸಾಮಾನ್ಯ. ಅದಕ್ಕೇ ಕೊನೆಯಲ್ಲಿ ಈ ಪ್ರಶ್ನೆಯನ್ನು ಬಿಡಬಾರದು. ‘ಬೇಕು’ ಅನ್ನುವುದು ಒರಟಲ್ಲ. ಕಾರಣ ಹೇಳದೆ ಬಂದ ‘ಬೇಕು’ ಅಪ್ಪಣೆ, ಕಾರಣದ ಹಿಂದೆ ಬಂದ ‘ಬೇಕು’ ಲೆಕ್ಕ.

ಕಾರಣ ಏನು ಅಂತ ಕೇಳಿದಾಗಲೇ ನಿಜವಾದ ಗಂಟು ಬಿಚ್ಚಿಕೊಂಡದ್ದು. ಮೊದಲ ಕರಡಿನಲ್ಲಿ 900 ರೂಪಾಯಿ ಎಲ್ಲಿಂದ ಬಂತು ಅನ್ನುವುದೇ ಇರಲಿಲ್ಲ. ಅವರ ಪುಸ್ತಕದಲ್ಲಿ ಎಲ್ಲ ಇತ್ತು: ಮಾರ್ಚ್‌ನಲ್ಲಿ 27 ಟ್ಯಾಂಕರ್, ಒಂದಕ್ಕೆ 1,200 ರೂಪಾಯಿ, ಒಟ್ಟು 32,400, ಅದನ್ನು 36 ಮನೆಗೆ ಹಂಚಿದರೆ 900. ಟ್ಯಾಂಕರ್‌ನವನಿಗೆ 11ಕ್ಕೆ ಕೊಡದಿದ್ದರೆ 12ಕ್ಕೆ ಗಾಡಿ ಬರುವುದಿಲ್ಲ. ಇಷ್ಟು ಬರೆದರೆ ‘ತಪ್ಪದೇ’ಗೆ ಕೆಲಸವೇ ಇರುವುದಿಲ್ಲ. ‘ತಪ್ಪದೇ’, ‘ಕಡ್ಡಾಯವಾಗಿ’, ‘ಈಗಾಗಲೇ ಹಲವಾರು ಬಾರಿ’ ಇವೆಲ್ಲ ಎಷ್ಟೋ ಸಲ ಅಂಕಿ ಇರಬೇಕಾದ ಜಾಗದಲ್ಲಿ ಬಂದು ಕೂತ ಪದಗಳು. ಗೆರೆ ಬಿದ್ದ ಪದವನ್ನು ಮೆತ್ತಗಿನ ಇನ್ನೊಂದು ಪದಕ್ಕೆ ಬದಲಿಸುವ ಮೊದಲು, ಇಲ್ಲಿ ಯಾವ ಸಂಗತಿ ಬಿಟ್ಟುಹೋಗಿದೆ ಅಂತ ಕೇಳಿಕೊಂಡರೆ ತಿದ್ದುವುದು ಸಲೀಸು.

ಮೂರನೇ ಕರಡು ಹೀಗೆ ನಿಂತಿತು:

“36 ಮನೆಯವರಿಗೂ ನಮಸ್ಕಾರ. ನಮ್ಮ ಬೋರ್‌ವೆಲ್ ಈಗ ದಿನಕ್ಕೆ ಎರಡು ಗಂಟೆಯಷ್ಟೇ ನೀರು ಕೊಡುತ್ತಿದೆ, ಉಳಿದದ್ದಕ್ಕೆ ಟ್ಯಾಂಕರ್ ತರಿಸುತ್ತಿದ್ದೇವೆ. ಮಾರ್ಚ್‌ನಲ್ಲಿ 27 ಟ್ಯಾಂಕರ್ ಬಂದಿವೆ. ಒಂದಕ್ಕೆ 1,200ರಂತೆ ಒಟ್ಟು 32,400 ರೂಪಾಯಿ, ಒಂದು ಮನೆಗೆ 900. ಟ್ಯಾಂಕರ್‌ನವರಿಗೆ ಏಪ್ರಿಲ್ 11ಕ್ಕೆ ಹಣ ಕೊಡಬೇಕು, ಹಾಗಾಗಿ ನಿಮ್ಮ 900 ರೂಪಾಯಿ 10ರ ಒಳಗೆ ಸಂಘದ ಖಾತೆಗೆ ಬರಬೇಕು. ಲೆಕ್ಕದ ಪುಸ್ತಕ ಸೆಕ್ಯೂರಿಟಿ ಹತ್ತಿರ ಇಟ್ಟಿದ್ದೇನೆ, ಯಾರು ಬೇಕಾದರೂ ನೋಡಬಹುದು. ನೀರು ಬೆಳಿಗ್ಗೆ 6ರಿಂದ 8, ಸಂಜೆ 6ರಿಂದ 7.30 ಬಿಡುತ್ತೇವೆ. ಈ ಹೊತ್ತು ಹೊಂದದವರು, ಮನೆಯಲ್ಲಿ ಕಾಯಿಲೆಯವರು ಇರುವವರು ನನಗೆ ಹೇಳಿ, ಏನು ಮಾಡಬಹುದು ನೋಡೋಣ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತದೆ. ಆರ್‌ಓ ಯಂತ್ರದಿಂದ ಹೊರಬರುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟರೆ ಒರೆಸಲು ಸಾಕಾಗುತ್ತದೆ. ಡ್ರೈವರ್‌ಗಳಿಗೂ ಸ್ವಲ್ಪ ಹೇಳಿ.”

‘ಬಿಡಲಾಗುವುದು’ ಹೋಗಿ ‘ಬಿಡುತ್ತೇವೆ’ ಆಯಿತು, ನೀರು ಬಿಡುವವರು ಯಾರು ಅಂತ ಗೊತ್ತಾಯಿತು. ಆದರೆ ಕರ್ತೃ ಮರೆಯಾದ ವಾಕ್ಯವೆಲ್ಲ ಕೆಟ್ಟದ್ದು ಅಂತ ತಿಳಿಯಬಾರದು. ಬಾಕಿ ಇದ್ದ ಐದು ಮನೆಯವರಿಗೆ ವಾಟ್ಸಾಪ್‌ನಲ್ಲಿ ಬೇರೆಯಾಗಿ ಬರೆಯುವಾಗ ಇದು ಎದುರಾಯಿತು. ಕಾರ್ಯದರ್ಶಿ ಮೊದಲು ಬರೆದದ್ದು, “ನೀವು ಫೆಬ್ರವರಿ ಹಣ ಇನ್ನೂ ಕೊಟ್ಟಿಲ್ಲ.” ಕರ್ತೃ ಇದ್ದಾನೆ, ಮಾತು ನೇರವಾಗಿದೆ, ಗಟ್ಟಿಯಾಗಿ ಓದಿದರೆ ಬೆರಳು ತೋರಿಸಿದ ಹಾಗಿದೆ. ‘ಇನ್ನೂ’ ಅನ್ನುವುದು ಎಷ್ಟು ದಿನದಿಂದ ಕಾಯುತ್ತಿದ್ದೇನೆ ಅಂತ ಎಣಿಸಿ ಹೇಳುತ್ತದೆ. ಬದಲಿಸಿದ್ದು: “ಫೆಬ್ರವರಿ ಹಣ ನಮ್ಮ ಲೆಕ್ಕದಲ್ಲಿ ಕಾಣಿಸುತ್ತಿಲ್ಲ. ಕಳಿಸಿದ್ದರೆ ತಾರೀಕು ಹೇಳಿ, ಹುಡುಕುತ್ತೇನೆ. ಇಲ್ಲದಿದ್ದರೆ ಮಾರ್ಚ್‌ನದ್ದರ ಜೊತೆ 10ಕ್ಕೆ ಕೊಟ್ಟುಬಿಡಿ.” ಇಲ್ಲಿ ‘ಕಾಣಿಸುತ್ತಿಲ್ಲ’ ಅನ್ನುವುದು ಎದುರಿನವರಿಗೆ ಮುಖ ಉಳಿಸಿಕೊಳ್ಳಲು ಜಾಗ ಬಿಟ್ಟಿತು. ಐದರಲ್ಲಿ ಒಬ್ಬರು ನಿಜವಾಗಿಯೂ ಕಳಿಸಿದ್ದರು, ಮನೆ ನಂಬರ್ ಹಾಕಿರಲಿಲ್ಲ ಅಷ್ಟೇ. ‘ಇನ್ನೂ ಕೊಟ್ಟಿಲ್ಲ’ ಅಂತ ಹೋಗಿದ್ದರೆ ಕಾರ್ಯದರ್ಶಿಗೆ ಕಷ್ಟವಾಗುತ್ತಿತ್ತು. ಡ್ರೈವರ್‌ಗೆ ಅವರು ಬೇಸ್‌ಮೆಂಟಿಗೆ ಹೋಗಿ ಬಾಯಲ್ಲೇ ಹೇಳಿದರು.

ಇಂಥ ಓದಿಗೆ ಸಿಗದ್ದೂ ಕೆಲವು ಇವೆ. ಸೊಸೆಯ ಕಿವಿ ಧಾರವಾಡದ್ದು, ಅದನ್ನು ನಾನು ಮರೆತಿದ್ದೆ. ಒಂದು ಹಂತದಲ್ಲಿ ಅವಳು, “ಇಲ್ಲಿ ‘ಹೇಳ್ರಿ’ ಅಂತ ಹಾಕ್ರಿ, ಮರ್ಯಾದಿ ಅನಸ್ತದ” ಅಂದಳು. ಅವಳ ಊರಿನಲ್ಲಿ ‘ರಿ’ ಇಲ್ಲದ ಮಾತು ಬೋಳು. ನಮ್ಮ ಕಡೆ ‘ಏನ್ರೀ’ ಅಂದರೆ ತೋಳು ಏರಿಸಿದ ಹಾಗೆ. ಯಾರಿಗಾಗಿ ಬರೆದಿದೆಯೋ ಅವರ ಸೀಮೆಯ ಕಿವಿ ಒಂದಾದರೂ ಕೋಣೆಯಲ್ಲಿ ಇರಬೇಕು. ಹಾಗೆಯೇ ‘ತಾವು’ ತೆಗೆದು ‘ನೀವು’ ಮಾಡಿದ್ದು ನನ್ನ ಸಲಹೆ, ಹಾಳೆಯ ಉಳಿದ ಮಾತಿಗೆ ತಾವು ಹೊಂದುವುದಿಲ್ಲ ಅಂತ. ಮೇಲಿನ ಮಹಡಿಯ ಎಂಬತ್ತರ ಹಿರಿಯರೊಬ್ಬರಿಗೆ ಅದು ಹಿಡಿಸಲಿಲ್ಲ. “ಸಂಘದವರು ಈಗ ನೀವು ಅನ್ನೋ ಮಟ್ಟಕ್ಕೆ ಬಂದ್ರು” ಅಂತ ವಾಕಿಂಗ್‌ನಲ್ಲಿ ನನ್ನ ಹತ್ತಿರವೇ ಅಂದರು. ನಾನು ಆಕಾಶ ನೋಡಿದೆ.

ದನಿಗೆ ಸಿಗದ ಇನ್ನೊಂದು ಕಣ್ಣಿಗೆ ಬೀಳುವುದು. ಕಾರ್ಯದರ್ಶಿ ಪ್ರಿಂಟ್ ತೆಗೆಸುವಾಗ ‘10ರ ಒಳಗೆ’ ಅನ್ನುವುದನ್ನು ದಪ್ಪ ಅಕ್ಷರದಲ್ಲಿ, ಕೆಂಪಿನಲ್ಲಿ, ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿ ತಂದಿದ್ದರು. ಓದುವಾಗ ಇದ್ಯಾವುದೂ ಹಾಳೆಯಲ್ಲಿ ಇರಲಿಲ್ಲವಲ್ಲ. ದಪ್ಪ ಅಕ್ಷರ ಇರಲಿ ಅಂದೆ, ಕೆಂಪು ಮತ್ತು ಚಿಹ್ನೆ ತೆಗೆಸಿದೆ. ಗ್ರೂಪಿಗೆ ಅದೇ ರಾತ್ರಿ ಹನ್ನೊಂದೂವರೆಗೆ ಹಾಕಲು ಹೊರಟಿದ್ದರು, ಬೆಳಿಗ್ಗೆ ಎಂಟರ ಮೇಲೆ ಹಾಕಿ ಅಂದೆ. ಅಷ್ಟು ಹೊತ್ತಿನಲ್ಲಿ ಫೋನ್ ಸದ್ದು ಮಾಡಿದರೆ ‘ನಮಸ್ಕಾರ’ವೂ ಬೈದ ಹಾಗೆ ಕೇಳುತ್ತದೆ.

ಹತ್ತನೇ ತಾರೀಕಿಗೆ 36ರಲ್ಲಿ 31 ಮನೆಯ ಹಣ ಬಂತು. ಹಿಂದಿನ ತಿಂಗಳು ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ನೋಟಿಸಿನ ಧಾಟಿ ಬದಲಾದ ಮಾತ್ರಕ್ಕೆ ಹಣ ಉಕ್ಕಿ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಬದಲಾದದ್ದು ಬೇರೆ. ನೀರಿನ ಹೊತ್ತು ಹೊಂದುವುದಿಲ್ಲ ಅಂತ ಮೂರು ಮನೆಯವರು ಬಂದು ಹೇಳಿದರು, ಅದರಲ್ಲಿ ಒಬ್ಬರ ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಅಜ್ಜಿ ಇದ್ದರು ಅನ್ನುವುದು ಸಂಘಕ್ಕೆ ಅವತ್ತೇ ಗೊತ್ತಾದದ್ದು. ‘ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ’ ಅಂತ ಇದ್ದಿದ್ದರೆ ಅವರು ಬರುತ್ತಿರಲಿಲ್ಲ.

ಜಗಳ ಪೂರ್ತಿ ತಪ್ಪಿತು ಅನ್ನುವಂತಿಲ್ಲ. ನೋಟಿಸ್ ಅಂಟಿಸಿದ ಮರುದಿನ ಸಂಜೆ ಕಾರ್ಯದರ್ಶಿ ಮುಖ ಸಣ್ಣದು ಮಾಡಿಕೊಂಡು ಬಂದಿದ್ದರು. ಎರಡು ಮನೆಯವರು ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಿದ್ದರಂತೆ, ದೂರು ಕೇಳುವುದಿಲ್ಲ ಅನ್ನಲು ನೀವು ಯಾರು ಅಂತ. ಅದನ್ನು ತೆಗೆದೆವಲ್ಲ ಅಂದೆ. ಕನ್ನಡದಲ್ಲಿ ತೆಗೆದಿದ್ದೆವು. ಕನ್ನಡ ಓದದವರಿಗಾಗಿ ಖಜಾಂಚಿ ಇಂಗ್ಲಿಷ್ ಪ್ರತಿಯೊಂದನ್ನು ಪಕ್ಕದಲ್ಲೇ ಅಂಟಿಸಿದ್ದರು, ಅದು ಮೊದಲ ಕರಡಿನಿಂದ ಅನುವಾದ ಮಾಡಿದ್ದು. ಕಾರ್ಯದರ್ಶಿ ಅದನ್ನು ಗೋಡೆಯಿಂದ ಕಿತ್ತು ತಂದಿದ್ದರು, ಮೂಲೆಯಲ್ಲಿ ಸೆಲೋಟೇಪ್ ಇನ್ನೂ ಅಂಟಿಕೊಂಡಿತ್ತು. ಕೂರುವ ಮೊದಲೇ ಒಳಗೆ ಇಣುಕಿ, “ಸೊಸೆ ಇದ್ದಾಳಾ ಅಂಕಲ್?” ಅಂದರು.